ಹದಿನೆಂಟು ನಿಮಿಷ ಮುಂದೆ ಓಡ್ತಿದ್ದ ಸರ್ವರ್

ಜುಲೈ ಮಳೆ, ಚಿಕ್ಕಮಗಳೂರಲ್ಲಿ ಬೆಳಗ್ಗೆಯಿಂದ ಕರೆಂಟ್ ಹೋಗೋದು ಬರೋದು, ಅಷ್ಟರಲ್ಲಿ ಮೂಡಿಗೆರೆ ಕಡೆ ಎಸ್ಟೇಟ್ ರೈಟರ್ ಒಬ್ರು ಮೂರನೇ ಸಲ ಫೋನ್ ಮಾಡಿದ್ರು. "ಸಾರ್, ಪಾಸ್‌ವರ್ಡ್ ರೀಸೆಟ್ ಮೇಲ್ ಬಂದ ತಕ್ಷಣ ಒತ್ತಿದೀನಿ, ಆದ್ರೂ ಲಿಂಕ್ ಅವಧಿ ಮುಗಿದಿದೆ ಅಂತಾನೇ ಬರುತ್ತೆ." ನಾನು ನಿಮ್ಮ ಕಡೆ ನೆಟ್ ಸ್ಲೋ ಇರ್ಬೇಕು, ಮೇಲ್ ಲೇಟಾಗಿ ಬರ್ತಿದೆ ಅಂದುಬಿಟ್ಟೆ. ನನ್ನ ಲ್ಯಾಪ್‌ಟಾಪಲ್ಲಿ ಟೆಸ್ಟ್ ಮಾಡಿದ್ರೆ ಸರಿಯಾಗೇ ಕೆಲಸ ಮಾಡ್ತಿತ್ತು ಮತ್ತೆ.

ಲಿಂಕಿಗೆ 15 ನಿಮಿಷ ಅವಧಿ ಕೊಟ್ಟಿದ್ವಿ. ಸುಮ್ನೆ ನೋಡೋಣ ಅಂತ ಒಂದು ಗಂಟೆ ಮಾಡಿದೆ, ಅವರಿಗೆ ಕೆಲಸ ಮಾಡ್ತು! ಆಗ ತಲೆಗೆ ಹೊಳೀತು. ಲಿಂಕ್ ತಯಾರಾಗೋದು ಕ್ಲೌಡಲ್ಲಿರೋ ಸರ್ವರಲ್ಲಿ, ಒತ್ತಿದಾಗ ಅವಧಿ ನೋಡೋದು ನಮ್ಮ ಆಫೀಸಿನ ಮೂಲೆಯಲ್ಲಿರೋ ಹಳೇ ಮಷಿನ್, ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ ಎರಡೂ ಒಂದೇ ಗಡಿಯಾರ. ಎರಡರಲ್ಲೂ ಒಟ್ಟಿಗೆ `date -u` ಹೊಡೆದ್ರೆ ಆಫೀಸಿಂದು 18 ನಿಮಿಷ ಮುಂದೆ. `date -u` ಟೈಮ್‌ಝೋನನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಅದ್ರಲ್ಲೂ 18 ನಿಮಿಷ ವ್ಯತ್ಯಾಸ ಅಂದ್ರೆ ಗಡಿಯಾರಾನೇ ಓಡಿದೆ ಅಂತ ಅರ್ಥ. ಹೊಸ ಲಿಂಕ್ ಆ ಮಷಿನ್ ಕಣ್ಣಿಗೆ ಹುಟ್ಟುವಾಗಲೇ 3 ನಿಮಿಷ ಹಳಸಿ ಹೋಗಿರೋದು.

ಯಾಕೆ ಅಂತ ನೋಡೋಕೆ:

```
chronyc tracking
```

ಕೊನೇ ಸಾಲಲ್ಲಿ `Leap status     : Not synchronised`. ಒಂದೂವರೆ ವರ್ಷದ ಹಿಂದೆ ಫೈರ್‌ವಾಲ್ ಬದಲಾಯಿಸಿದಾಗ ಯುಡಿಪಿ 123 ಪೋರ್ಟ್ ತೆರೆಯೋದು ಮರೆತಿದ್ವಿ, ಸರಿ ಟೈಮ್ ಕೇಳೋಕೆ ಅದಕ್ಕೆ ದಾರೀನೇ ಇರ್ಲಿಲ್ಲ. ದಿನಕ್ಕೆ ಬರೀ 2 ಸೆಕೆಂಡ್ ಜಾಸ್ತಿ ಓಡಿದ್ರೂ ವರ್ಷಕ್ಕೆ 12 ನಿಮಿಷ ಆಗುತ್ತೆ, ಒಂದೂವರೆ ವರ್ಷಕ್ಕೆ ಹೆಚ್ಚುಕಮ್ಮಿ 18. ಆಮೇಲೆ ಹಳೇ ದೂರುಗಳನ್ನ ತೆಗೆದು ನೋಡಿದೆ, ಹೋದ ವರ್ಷದ ಕೊನೆಗೇ ಒಬ್ರೋ ಇಬ್ರೋ "ಕೆಲವು ಸಲ ಆಗಲ್ಲ" ಅಂದಿದ್ರು, ಅವರೆಲ್ಲ ಮೇಲನ್ನ ಸ್ವಲ್ಪ ನಿಧಾನ ತೆಗೆಯೋರು ಅಷ್ಟೇ. ಜನಕ್ಕೆ ಸಿಗೋ ಸಮಯ ದಿನದಿಂದ ದಿನಕ್ಕೆ ಕರಗ್ತಾ ಬಂದಿದೆ, ನಾವು ಅದನ್ನ ಜನರ ತಪ್ಪು ಅಂತ ಪಕ್ಕಕ್ಕಿಟ್ಟಿದೀವಿ. (ಗಡಿಯಾರ ಹಿಂದೆ ಉಳಿದಿದ್ರೆ ಇನ್ನೂ ಕೆಟ್ಟದು, ಅವಧಿ ಮುಗಿದ ಲಿಂಕೂ ಬದುಕಿರ್ತಿತ್ತು, ಯಾರೂ ದೂರೂ ಕೊಡ್ತಿರ್ಲಿಲ್ಲ.)

ಪೋರ್ಟ್ ತೆರೆದೆ. ಸಂಜೆ ಎಲ್ಲರೂ ಹೋದ್ಮೇಲೆ ಆ್ಯಪ್ ನಿಲ್ಲಿಸಿ `chronyc makestep` ಕೊಟ್ಟೆ, ಟೈಮ್ ಹಿಂದಕ್ಕೆ ಜಿಗಿಯುತ್ತಲ್ಲ, ನಡೀತಿರೋ ಕೆಲಸಗಳು ತಲೆಕೆಳಗಾಗ್ಬಾರ್ದು ಅಂತ. ಅವಧಿ ಬರೆಯೋದು, ನೋಡೋದು ಎರಡನ್ನೂ ಡೇಟಾಬೇಸಿನ `NOW()` ಮೇಲೆ ಹಾಕ್ದೆ, ಇನ್ಮೇಲೆ ಗಡಿಯಾರ ಒಂದೇ. ಒಂದು ಗಂಟೆ ಮಾಡಿದ್ದನ್ನ ಮತ್ತೆ 15ಕ್ಕೆ ಇಳಿಸಿದೆ.

ರೈಟರ್‌ಗೆ ಫೋನ್ ಮಾಡಿ ಇನ್ನೊಂದ್ಸಲ ನೋಡಿ ಅಂದೆ. ಲೈನಲ್ಲೇ ಇದ್ದು ಒತ್ತಿದ್ರು. "ಆಯ್ತು ಸಾರ್, ಬಂತು." ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ನಮ್ ನೆಟ್ ಸರಿಯಾಗೇ ಇತ್ತಲ್ವಾ ಸಾರ್?"