ಫಾರ್ಮ್ಯಾಟ್ ಕೇಳುವವರಿಗೆ, ಬಳ್ಳಾರಿಯಿಂದ

“ಮೇಡಂ, ಕೇಸ್ ಸ್ಟಡಿ ರಿಪೋರ್ಟ್ ಹೆಂಗ ಬರೀಬೇಕ್ರಿ? ಎಷ್ಟ್ ಪೇಜ್ ಇರ್ಬೇಕು? ಒಂದು ಫಾರ್ಮ್ಯಾಟ್ ಇದ್ರ ವಾಟ್ಸಾಪ್ ಮಾಡ್ರಿ.”

ಫಾರ್ಮ್ಯಾಟ್ ಬೇಕಾದರೆ ಕಾಲೇಜಿನೆದುರಿನ ಝೆರಾಕ್ಸ್ ಅಂಗಡಿಗೆ ಹೋಗಿ. ಹಳೇ ಬ್ಯಾಚಿನ ರಿಪೋರ್ಟುಗಳೆಲ್ಲ ಆತನ ಕಂಪ್ಯೂಟರಿನಲ್ಲಿವೆ. ಪೀಠಿಕೆ, ಕಂಪನಿ ಪರಿಚಯ, ಸ್ವಾಟ್ ಅನಾಲಿಸಿಸ್, ಸಲಹೆ, ಉಪಸಂಹಾರ. ಹೆಸರು ಬದಲಿಸಿದರೆ ಮುಗಿಯಿತು. ಒಮ್ಮೆ ಒಬ್ಬ ಹೆಸರನ್ನೂ ಬದಲಿಸಿರಲಿಲ್ಲ. ಅಕ್ಕಿ ಗಿರಣಿಯ ರಿಪೋರ್ಟಿನ ಹನ್ನೊಂದನೇ ಪುಟದಲ್ಲಿ ಮೋಟಾರ್ ಸೈಕಲ್ ಶೋರೂಮ್ ಬಂದಿತ್ತು.

ನಾನು ಸಿಡುಕಿ ಅಂತ ಹುಡುಗರು ಹೇಳುತ್ತಾರೆ, ಗೊತ್ತಿದೆ. ಸಿಡುಕು ಬಂದದ್ದು ಒಂದು ಮಧ್ಯಾಹ್ನದಿಂದ.

ಕೌಲ್ ಬಜಾರ್ ಕಡೆಯ ಒಂದು ಸಣ್ಣ ಜೀನ್ಸ್ ಯೂನಿಟ್ ಮೇಲೆ ನಾಲ್ವರು ಹುಡುಗಿಯರು ರಿಪೋರ್ಟ್ ಮಾಡಿದ್ದರು. ಪ್ರೆಸೆಂಟೇಶನ್‌ಗೆ ಯೂನಿಟ್ ಮಾಲೀಕರನ್ನೇ ಕರೆದಿದ್ದೆ. ಹುಡುಗಿಯರು ಬರೆದಿದ್ದ ಸಮಸ್ಯೆ ಇದು: “ಹೆಚ್ಚಿದ ಪೈಪೋಟಿ, ಬ್ರ್ಯಾಂಡ್ ಇಲ್ಲದಿರುವುದು ಮತ್ತು ಬಂಡವಾಳದ ಕೊರತೆ.” ಸಲಹೆ: ಸ್ವಂತ ಬ್ರ್ಯಾಂಡ್ ಮಾಡಿ, ಇನ್‌ಸ್ಟಾಗ್ರಾಂನಲ್ಲಿ ಹಾಕಿ, ಮಾರಾಟ ಎರಡರಷ್ಟು ಮಾಡಿ. ಬಣ್ಣಬಣ್ಣದ ಸ್ಲೈಡು, ಚಪ್ಪಾಳೆ. ಮಾಲೀಕರು ನಿಧಾನಕ್ಕೆ ಕೇಳಿದರು: “ಎರಡರಷ್ಟು ಮಾರಿದ್ರ ಬಟ್ಟೀ ದುಡ್ಡು ಯಾರು ಕೊಡ್ತಾರ ತಂಗೀ?”

ಯಾರೂ ಮಾತಾಡಲಿಲ್ಲ. ರಿಪೋರ್ಟಿಗೆ ಸಹಿ ಹಾಕಿದ್ದ ನಾನೂ ಮಾತಾಡಲಿಲ್ಲ.

ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ. ತಿಂಗಳಿಗೆ 3,000 ಪ್ಯಾಂಟು, ಒಂದಕ್ಕೆ 400 ರೂಪಾಯಿ, ಒಟ್ಟು 12 ಲಕ್ಷ. ಖರ್ಚು 10.8 ಲಕ್ಷ. ಅದರಲ್ಲಿ ಬಟ್ಟೆ, ಜಿಪ್ಪು, ಗುಂಡಿ 6 ಲಕ್ಷ, ಅದನ್ನು 30 ದಿನದೊಳಗೆ ಕಟ್ಟಬೇಕು. ಟೈಲರುಗಳಿಗೆ ಪೀಸ್ ಲೆಕ್ಕದ ಕೂಲಿ ವಾರವಾರ, ವಾಷಿಂಗ್‌ನವರಿಗೆ ಕೈಮೇಲೆ ಕಾಸು. ಉಳಿಯುವುದು 1.2 ಲಕ್ಷ. ಆದರೆ ಗಿರಾಕಿಗಳಿಂದ ಬರಬೇಕಾದ ಉದ್ರಿ 36 ಲಕ್ಷ, ಅಂದರೆ ಮೂರು ತಿಂಗಳ ಮಾರಾಟ. ನಡುವಿನ ಅಂತರ ತುಂಬಲು 20 ಲಕ್ಷ ಕೈಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 40,000 ಅದಕ್ಕೇ ಹೋಗುತ್ತದೆ.

ಈಗ ಮಾರಾಟ ಎರಡರಷ್ಟು ಮಾಡಿ ನೋಡಿ. ಹೆಚ್ಚಿನ ಮಾಲಿಗೆ ಮೂರು ತಿಂಗಳು ಕೈಯಿಂದ ಹಾಕಬೇಕಾದ ಖರ್ಚು 32.4 ಲಕ್ಷ. ಬಟ್ಟೆಯವರು ಬಿಡುವ ಉದ್ರಿ 6 ಲಕ್ಷ ಕಳೆದರೂ ಇನ್ನೂ 26.4 ಲಕ್ಷ ಬೇಕು. ಹುಡುಗಿಯರ ಸಲಹೆ ಪಾಲಿಸಿದ್ದರೆ ಆತ ದಸರಾಕ್ಕೆ ಮುಂಚೆಯೇ ಶಟರ್ ಎಳೆಯುತ್ತಿದ್ದ.

“ಬಂಡವಾಳದ ಕೊರತೆ” ಅನ್ನುವುದು ಜ್ವರ ಇದ್ದಂತೆ, ರೋಗದ ಹೆಸರಲ್ಲ. ಸಮಸ್ಯೆಯನ್ನು ಬರೆದ ಸಾಲಿನಲ್ಲಿ ಯಾರಿಗೆ, ಎಷ್ಟು, ಯಾವಾಗಿನೊಳಗೆ ಅನ್ನುವುದು ಕಾಣದಿದ್ದರೆ ಅದು ಸಮಸ್ಯೆಯ ಹೇಳಿಕೆಯೇ ಅಲ್ಲ. ನಾವು ಮತ್ತೆ ಕೂತು ಬರೆದದ್ದು ಹೀಗಿತ್ತು: “ದುಡ್ಡು ಸರಾಸರಿ 90 ದಿನಕ್ಕೆ ಬರುತ್ತದೆ, ಬಟ್ಟೆಯ ಬಿಲ್ಲು 30 ದಿನಕ್ಕೆ ಕಟ್ಟಬೇಕು. ಈ ಅಂತರದ ಬಡ್ಡಿ ಲಾಭದ ಮೂರನೇ ಒಂದು ಪಾಲು ತಿನ್ನುತ್ತಿದೆ. ದೊಡ್ಡ ಗಿರಾಕಿಗಳನ್ನು ಕಳೆದುಕೊಳ್ಳದೆ, ದೀಪಾವಳಿ ಸೀಸನ್ನಿನೊಳಗೆ ಉದ್ರಿಯನ್ನು 10 ಲಕ್ಷದಷ್ಟಾದರೂ ಇಳಿಸುವುದು ಹೇಗೆ?”

ಇಷ್ಟಕ್ಕೇ ಅರ್ಧ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ತಪ್ಪು. ಆ 90 ದಿನವೇ ನಮಗೆ ಮೋಸ ಮಾಡಿತ್ತು. ಮಾಲೀಕರ ಉದ್ರಿ ಖಾತೆಯನ್ನು ಪಾರ್ಟಿವಾರು ಬಿಡಿಸಿದಾಗ, ಐದು ಜನರಲ್ಲಿ ಇಬ್ಬರೇ 22 ಲಕ್ಷ ಉಳಿಸಿಕೊಂಡಿದ್ದರು. ಅವರು ತಿಂಗಳಿಗೆ ಕೊಳ್ಳುವುದು 4.4 ಲಕ್ಷದ ಮಾಲು, ಅಂದರೆ ಕೊಡುವುದು 150 ದಿನಕ್ಕೆ. ಉಳಿದ ಮೂವರು ಹೆಚ್ಚುಕಡಿಮೆ 55 ದಿನಕ್ಕೆ ಕೊಡುತ್ತಿದ್ದರು. 90 ದಿನಕ್ಕೆ ಕೊಡುವ ಗಿರಾಕಿ ಒಬ್ಬನೂ ಇರಲಿಲ್ಲ!

ಎಲ್ಲರೂ ಫಾರ್ಮ್ಯಾಟ್ ಕೇಳುತ್ತಾರೆ. “ಮೇಡಂ, ಯಾವ ಸಲಹೆಯನ್ನು ಬೇಡ ಅನ್ನಬೇಕು, ಹೆಂಗ ಅನ್ನಬೇಕು?” ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಚಹಾ ಕುಡಿಸಿ ಹೇಳುತ್ತಿದ್ದೆ.

ಒಂದು ಹುಡುಗಿ, ನಾಲ್ವರಲ್ಲಿ ಕಡಿಮೆ ಮಾತಾಡುತ್ತಿದ್ದವಳು, 30 ದಿನಕ್ಕೆ ಕೊಟ್ಟವರಿಗೆ ನೂರಕ್ಕೆ ಎರಡು ರೂಪಾಯಿ ಬಿಡೋಣ ಅಂದಳು. 90 ದಿನದ ಲೆಕ್ಕದಲ್ಲಿ ಚೆನ್ನಾಗಿಯೇ ಕಾಣುತ್ತದೆ: ದುಡ್ಡು ಎರಡು ತಿಂಗಳು ಮುಂಚೆ ಬಂದರೆ ನೂರಕ್ಕೆ ನಾಲ್ಕು ರೂಪಾಯಿ ಬಡ್ಡಿ ಉಳಿತಾಯ, ಬಿಟ್ಟದ್ದು ಎರಡು. ಆದರೆ ಈ ರಿಯಾಯಿತಿ ತೊಗೊಳ್ಳುವವರು ಯಾರು? ಈಗಾಗಲೇ 55 ದಿನಕ್ಕೆ ಕೊಡುವವರು. ಅವರಿಂದ 25 ದಿನ ಮುಂಚೆ ಬಂದರೆ ಉಳಿಯುವುದು ನೂರಕ್ಕೆ 1.67 ರೂಪಾಯಿ, ಬಿಟ್ಟದ್ದು ಎರಡು. ಶುದ್ಧ ನಷ್ಟ. ಅವಳೇ ಲೆಕ್ಕ ಹಾಕಿ, ಅವಳೇ ಹೊಡೆದುಹಾಕಿದಳು. ಆ ಹೊಡೆದುಹಾಕಿದ ಪ್ಯಾರಾ ರಿಪೋರ್ಟಿನಲ್ಲಿ ಇರಲೇಬೇಕು ಅಂತ ನಾನು ಹಟ ಹಿಡಿದೆ.

ಇನ್ನೊಬ್ಬಳು ಕಾನೂನು ತಂದಳು. 2006ರ ಎಂಎಸ್ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಯ ಬಿಲ್ಲನ್ನು 45 ದಿನದೊಳಗೆ ಕೊಡಬೇಕು, ತಡವಾದರೆ ಚಕ್ರಬಡ್ಡಿ ಕೂಡ. ಮಾತು ನಿಜ. ಆದರೆ ಮೂರನೇ ಒಂದಕ್ಕಿಂತ ಹೆಚ್ಚು ವ್ಯಾಪಾರ ಕೊಡುವ ಇಬ್ಬರ ಮೇಲೆ ದೂರು ಕೊಟ್ಟರೆ, ಗಿರಾಕಿ ಉಳಿಸಿಕೊಳ್ಳಬೇಕು ಅನ್ನುವ ನಮ್ಮದೇ ಷರತ್ತು ಮುರಿಯುತ್ತದೆ. ಕೊನೆಯ ಅಸ್ತ್ರ ಅಂತ ಒಂದು ಸಾಲು ಬರೆದು ಬಿಟ್ಟೆವು.

ಹಾಗಾದರೆ ಆ ಇಬ್ಬರು ಯಾಕೆ ಕೊಡುತ್ತಿಲ್ಲ? ಇದಕ್ಕೆ ಉತ್ತರ ಲ್ಯಾಪ್‌ಟಾಪಿನಲ್ಲಿ ಸಿಗಲಿಲ್ಲ, ಗೋದಾಮಿಗೆ ಹೋಗಬೇಕಾಯಿತು. ವಾಪಸ್ ಬಂದ ಒಂದು ಬಂಡಲ್ ಬಿಚ್ಚಿ ಮಾಲೀಕರು ಎರಡು ಪ್ಯಾಂಟು ಬಿಸಿಲಿಗೆ ಹಿಡಿದರು. ಒಂದೇ ಆರ್ಡರು, ಒಂದೇ ವಾಷು. ಒಂದು ಕಡುನೀಲಿ, ಇನ್ನೊಂದಕ್ಕೆ ತುಸು ಹಸಿರು ಛಾಯೆ. “ಶೇಡ್ ಬ್ಯಾರೆ ಬಂದೈತಿ ಅಂತ ಇಡೀ ಬಿಲ್ಲೇ ತಡೀತಾರ್ರೀ,” ಅಂದರು. ಬೇರೆ ಬೇರೆ ರೋಲಿನ ಬಟ್ಟೆ ಒಟ್ಟಿಗೆ ಹಾಸಿ ಕತ್ತರಿಸುತ್ತಿದ್ದರು. ತೊಳೆಯುವ ಮುಂಚೆ ಒಂದೇ ಬಣ್ಣ ಕಂಡ ರೋಲುಗಳು ತೊಳೆದ ಮೇಲೆ ಬೇರೆಯಾಗುತ್ತಿದ್ದವು.

ಸಲಹೆ ಅಲ್ಲಿಂದ ಹುಟ್ಟಿತು. ಪ್ರತಿ ರೋಲಿನಿಂದ ಒಂದು ತುಂಡು ಕತ್ತರಿಸಿ, ಎಲ್ಲವನ್ನೂ ಒಂದಕ್ಕೊಂದು ಹೊಲಿದು, ಆರ್ಡರಿನದೇ ವಾಷಿಗೆ ಹಾಕುವುದು. ಬಣ್ಣ ನೋಡಿ ರೋಲುಗಳನ್ನು ಗುಂಪು ಮಾಡಿ, ಒಂದು ಗುಂಪಿನ ಮಾಲು ಒಬ್ಬನೇ ಗಿರಾಕಿಗೆ ಕಳಿಸುವುದು. ತಿಂಗಳಿಗೆ 6,000 ಖರ್ಚು ಹಿಡಿದೆವು. ಆ ಇಬ್ಬರು 150ರಿಂದ 75 ದಿನಕ್ಕೆ ಬಂದರೆ 11 ಲಕ್ಷ ಕೈಗೆ ಬರುತ್ತದೆ, ತಿಂಗಳಿಗೆ 22,000 ಬಡ್ಡಿ ಉಳಿಯುತ್ತದೆ. ಸಮರ್ಥನೆ ಅಂದರೆ ಇದು. “ಇದರಿಂದ ಸಂಸ್ಥೆಯ ಅಭಿವೃದ್ಧಿಯಾಗುವುದು” ಅಂತ ಬರೆಯುವುದಲ್ಲ.

ಕೆಳಗೆ ಇನ್ನೂ ಒಂದು ಸಾಲು ಸೇರಿಸಿದೆವು: ಶೇಡಿನ ತಕರಾರು ನಿಂತರೂ ಮೂರು ತಿಂಗಳಾದ ಮೇಲೂ ದುಡ್ಡು ಬಾರದಿದ್ದರೆ, ಶೇಡು ಬರೀ ನೆಪವಾಗಿತ್ತು, ನಮ್ಮ ವಿಶ್ಲೇಷಣೆ ತಪ್ಪು, ಆಗ ಹಳೇ ಬಾಕಿ ತೀರುವವರೆಗೆ ಹೊಸ ಮಾಲು ಅರ್ಧಕ್ಕೆ ಇಳಿಸುವುದು. “ನಮ್ಮ ತಪ್ಪು ನಾವೇ ಬರೆದ್ರ ಮಾರ್ಕ್ಸ್ ಕಟ್ ಆಗಲ್ಲೇನ್ರಿ?” ಅಂತ ಕೇಳಿದರು. ನನ್ನ ಕೈಯಲ್ಲಿ ಆಗಲ್ಲ. ಬೇರೆಯವರ ಕೈಯಲ್ಲಿ ಏನಾಗುತ್ತದೋ ಅವರನ್ನೇ ಕೇಳಿ.

ಇನ್ನು ಪೇಜಿನ ವಿಷಯ. ಮೊದಲನೇ ರಿಪೋರ್ಟು 64 ಪುಟ, ಸ್ಪೈರಲ್ ಬೈಂಡಿಂಗ್, ಮೇಲೆ ಪ್ಲಾಸ್ಟಿಕ್ ಹಾಳೆ. ತಿದ್ದಿ ತಂದದ್ದು ಒಂಬತ್ತು ಪುಟ, ಸ್ಟೇಪ್ಲರ್ ಹೊಡೆದದ್ದು. ಮಾಲೀಕರು ಅದನ್ನೇ ಮಡಚಿ ಜೇಬಿಗೆ ಹಾಕಿಕೊಂಡು ಹೋದರು.