ಅಂಗಡಿಯಲ್ಲಿ ಕನೆಕ್ಟ್ ಆಗುವ ವಾಚ್ ಮನೆಗೆ ಹೋದರೆ ಕಾಣಿಸುವುದಿಲ್ಲ

ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ನನಗೆ ರಿಪೇರಿ ಕೌಂಟರ್ ಕೆಲಸ. ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪಿನ್ ಎಲ್ಲ ನಮ್ಮ ಮಾಮೂಲಿ ಕೆಲಸ. ಈಗ ಎರಡು ಮೂರು ವರ್ಷಗಳಿಂದ ದಿನಕ್ಕೆ ಒಬ್ಬರಾದರೂ ಸ್ಮಾರ್ಟ್‌ವಾಚನ್ನೋ ಇಯರ್‌ಬಡ್ಸನ್ನೋ ಹಿಡಿದುಕೊಂಡು "ಇದು ಪೇರ್ ಆಗ್ತಿಲ್ಲ" ಎಂದು ಬರುತ್ತಾರೆ. ಹೆಚ್ಚಿನವು ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಒಂದು ಮಾತ್ರ ನನ್ನನ್ನು ಎರಡು ಸಲ ಸೋಲಿಸಿತು.

ಕಾಪುವಿನಿಂದ ಬಂದವರು ನಿವೃತ್ತ ಮಾಷ್ಟ್ರು. ಮಗ ಕೊಡಿಸಿದ ವಾಚ್, ಕರೆ ಮಾಡಲಿಕ್ಕೂ ಆಗುವಂಥದ್ದು. ಹಿಂದಿನ ವಾರ ಹೊಸ ಫೋನ್ ತೆಗೆದುಕೊಂಡಿದ್ದರು. ಆಮೇಲಿಂದ ಆ್ಯಪ್‌ನಲ್ಲಿ ವಾಚ್ ಕಾಣಿಸುತ್ತಿರಲಿಲ್ಲ. ಹುಡುಕುವ ಚಕ್ರ ತಿರುಗಿ ತಿರುಗಿ ಕೊನೆಗೆ ಏನೂ ಸಿಗಲಿಲ್ಲ ಎನ್ನುತ್ತಿತ್ತು.

ಮೊದಲ ದಿನ ನಾನು ನೋಡಿದ್ದು ಪರ್ಮಿಷನ್. ಅದು ಸರಿಯಾದ ಹೆಜ್ಜೆಯೇ. ಆಂಡ್ರಾಯ್ಡ್ 11ರವರೆಗೆ ಹತ್ತಿರದ ಬ್ಲೂಟೂತ್ ಸಾಧನವನ್ನು ಹುಡುಕಲು ಆ್ಯಪ್‌ಗೆ ಲೊಕೇಶನ್ ಅನುಮತಿ ಬೇಕಿತ್ತು, ಜೊತೆಗೆ ಫೋನಿನ ಲೊಕೇಶನ್ ಸ್ವಿಚ್ ಕೂಡ ಆನ್ ಇರಬೇಕಿತ್ತು. ಆಂಡ್ರಾಯ್ಡ್ 12ರಿಂದ Nearby devices ಎಂಬ ಬೇರೆಯೇ ಅನುಮತಿ ಬಂತು. ಆದರೂ ಎಷ್ಟೋ ವಾಚ್ ಆ್ಯಪ್‌ಗಳು ಇವತ್ತಿಗೂ ಎರಡನ್ನೂ ಕೇಳುತ್ತವೆ. "ವಾಚಿಗೆ ನನ್ನ ಲೊಕೇಶನ್ ಎಂತಕ್ಕೆ?" ಎಂದು ಮಾಷ್ಟ್ರು ಎರಡು ಸಲ Don't allow ಒತ್ತಿದ್ದರು. ಎಚ್ಚರಿಕೆಯ ಮನುಷ್ಯ ಮಾಡುವುದೇ ಅದು, ಅದರಲ್ಲಿ ತಪ್ಪಿಲ್ಲ. ಆದರೆ ಎರಡು ಸಲ ಬೇಡವೆಂದ ಮೇಲೆ ಆಂಡ್ರಾಯ್ಡ್ ಮತ್ತೆ ಆ ಪ್ರಶ್ನೆ ಕೇಳುವುದಿಲ್ಲ. ಆ್ಯಪ್ ಸುಮ್ಮನೆ ಹುಡುಕಿದಂತೆ ತೋರಿಸುತ್ತದೆ, ಅದಕ್ಕೆ ಕಣ್ಣೇ ಇರುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಆ ಆ್ಯಪ್ ತೆರೆದು, ಪರ್ಮಿಷನ್‌ನಲ್ಲಿ ನಾವೇ ಕೈಯಾರೆ ಕೊಡಬೇಕು.

ಅದನ್ನು ಕೊಟ್ಟೆ. ಜೊತೆಗೆ, ಅವರನ್ನು ಒಂದು ಮಾತೂ ಕೇಳದೆ ವಾಚನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆ. ಇದಕ್ಕಾಗಿ ನನಗೆ ಈಗಲೂ ಬೇಸರವಿದೆ. ಫೋನಿಗೆ ಹೋಗದೆ ವಾಚಿನೊಳಗೇ ಉಳಿದ ಲೆಕ್ಕ ರೀಸೆಟ್‌ನಲ್ಲಿ ಅಳಿಸಿಹೋಗುತ್ತದೆ. ಕನೆಕ್ಟ್ ಆಗಿ ಆ್ಯಪ್ ತೆರೆದಾಗ ಮಾಷ್ಟ್ರು ಕೇಳಿದರು, "ಈ ವಾರದ ನಡಿಗೆ ಎಲ್ಲಿ ಹೋಯ್ತು? ಡಾಕ್ಟ್ರಿಗೆ ತೋರಿಸ್ಲಿಕ್ಕುಂಟು." ಹೊಸ ಫೋನಿನಲ್ಲಿ ಎಲ್ಲ ದಿನವೂ ಸೊನ್ನೆ. ನಾನು ಕ್ಷಮೆ ಕೇಳಿದೆ. "ಇರ್ಲಿ ಬಿಡು ಮಾರಾಯ" ಎಂದು ವಾಚ್ ಕಟ್ಟಿಕೊಂಡು ಹೋದರು.

ಮಾರನೇ ದಿನ ಬೆಳಿಗ್ಗೆ ಮತ್ತೆ ಬಂದರು. ರಾತ್ರಿಯಿಂದ ಆ್ಯಪ್‌ನಲ್ಲಿ ವಾಚ್ ಇಲ್ಲವಂತೆ. ಆದರೆ ನನ್ನ ಕೌಂಟರ್ ಮೇಲೆ ಇಟ್ಟು ಆ್ಯಪ್ ತೆರೆದದ್ದೇ ತಡ, ತಾನಾಗಿ ಕನೆಕ್ಟ್ ಆಯಿತು! ನಾನು ಅದನ್ನು ಬ್ಯಾಟರಿ ಉಳಿತಾಯದ ಕಾಟ ಎಂದುಕೊಂಡೆ. ಬಳಸದ ಆ್ಯಪನ್ನು ಹಿಂದಿನಿಂದ ಮುಚ್ಚುವ ಫೋನುಗಳು ಬಹಳ ಇವೆ. ಹಾಗಾಗಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದೆ. ವಾಚಿನೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್‌ಗೆ ಅಪ್‌ಡೇಟ್ ಕೂಡ ಬಂದಿತ್ತು, ಅದರ ಟಿಪ್ಪಣಿಯಲ್ಲಿ ಕನೆಕ್ಷನ್ ಸುಧಾರಿಸಿದೆ ಎಂಬ ಒಂದು ಸಾಲು. ವಾಚನ್ನು ಚಾರ್ಜಿಗೆ ಹಾಕಿ, ಫೋನನ್ನು ಪಕ್ಕದಲ್ಲೇ ಇಟ್ಟು ಅದನ್ನೂ ಮುಗಿಸಿದೆ.

ಆ ಅಪ್‌ಡೇಟ್ ಮಾಡುವ ಅಗತ್ಯವೇ ಇರಲಿಲ್ಲ ಎಂದು ಈಗ ಹೇಳಬಲ್ಲೆ. ಫರ್ಮ್‌ವೇರ್ ದೋಷ ಇದ್ದರೆ ವಾಚ್ ಅಂಗಡಿಯಲ್ಲೂ ಮನೆಯಲ್ಲೂ ಒಂದೇ ರೀತಿ ಕಾಟ ಕೊಡುತ್ತದೆ. ಇಲ್ಲವೇ ಫೋನಿನ ಆಂಡ್ರಾಯ್ಡ್ ಬದಲಾದ ದಿನದಿಂದ ಶುರುವಾಗಿರುತ್ತದೆ, ಅದೇ ಮಾಡೆಲ್ ಹಿಡಿದು ಇನ್ನೂ ನಾಲ್ಕು ಜನ ಬಂದಿರುತ್ತಾರೆ. ಒಂದು ಜಾಗದಲ್ಲಿ ಸರಿ, ಇನ್ನೊಂದು ಜಾಗದಲ್ಲಿ ಇಲ್ಲ ಎಂದರೆ ಹುಡುಕಬೇಕಾದದ್ದು ಆ ಜಾಗವನ್ನು. ಅಪ್‌ಡೇಟ್ ಮಧ್ಯದಲ್ಲಿ ಬ್ಯಾಟರಿ ಮುಗಿದರೆ, ಕನೆಕ್ಷನ್ ಕಡಿದರೆ, ವಾಚ್ ಏಳದೇ ಹೋಗಬಹುದು. ಕಾರಣ ಗೊತ್ತಿಲ್ಲದೆ ಅಷ್ಟು ಅಪಾಯ ತೆಗೆದುಕೊಳ್ಳಬಾರದಿತ್ತು.

ಹೊರಡುವಾಗ ಮಾಷ್ಟ್ರು ಇನ್ನೊಂದು ಮಾತು ಹೇಳಿದ್ದರು: "ನಿನ್ನೆ ರಾತ್ರಿ ಎಂತದೋ ಕಾರ್ಟೂನಿನ ಮೆಸೇಜ್ ಎಲ್ಲ ವಾಚಿನಲ್ಲಿ ಬರ್ತಾ ಇತ್ತು. ನಾನು ಕಾರ್ಟೂನ್ ನೋಡುವುದಿಲ್ಲ." ನಾನು ನೋಟಿಫಿಕೇಶನ್ ಆಫ್ ಮಾಡುವುದು ಹೇಗೆಂದು ತೋರಿಸಿ ಕಳಿಸಿದೆ. ಉತ್ತರ ಅಲ್ಲೇ ಇತ್ತು, ಅವರು ಬಾಯಿಬಿಟ್ಟು ಹೇಳಿಯೂ ಇದ್ದರು. ನಾನು ಕೇಳಿಸಿಕೊಳ್ಳಲಿಲ್ಲ.

ಆ ಸಂಜೆ ಅವರ ಫೋನ್ ಬಂತು. ಮತ್ತೆ ಅದೇ. ಈ ಸಲ ನಾನು ಏನೂ ಒತ್ತಿಸದೆ ಒಂದೇ ಕೆಲಸ ಹೇಳಿದೆ: "ವಾಚಿನ ಪರದೆಯನ್ನು ಮೇಲಿನಿಂದ ಕೆಳಗೆ ಎಳೀರಿ ಮಾಷ್ಟ್ರೇ. ಫೋನಿನ ಚಿತ್ರ ಸಣ್ಣದೊಂದು ಉಂಟಲ್ಲ, ಅದು ಹಸಿರೋ ಬೂದಿಯೋ?"

"ಹಸಿರು."

ಹಸಿರು ಎಂದರೆ ವಾಚ್ ಯಾವುದೋ ಫೋನಿಗೆ ಅಂಟಿಕೊಂಡಿದೆ ಎಂದರ್ಥ. ಮಾಷ್ಟ್ರ ಫೋನ್ ಮಾತ್ರ ವಾಚೇ ಇಲ್ಲ ಎನ್ನುತ್ತಿದೆ. ಎರಡೂ ನಿಜವಾಗಬೇಕಾದರೆ ಆ ಮನೆಯಲ್ಲಿ ಇನ್ನೊಂದು ಫೋನ್ ಇರಬೇಕು.

"ಮಾಷ್ಟ್ರೇ, ನಿಮ್ಮ ಹಳೇ ಫೋನ್ ಎಲ್ಲುಂಟು?"

"ಅದಾ? ಮೊಮ್ಮಗನ ಹತ್ರ ಉಂಟು. ಊಟ ಮಾಡುವಾಗ ಅವನಿಗೆ ಅದು ಬೇಕು."

ಮರುದಿನ ಭಾನುವಾರ. ದುಡ್ಡು ತೆಗೆದುಕೊಳ್ಳುವ ಪ್ರಶ್ನೆಯೇ ಇರಲಿಲ್ಲ, ನನಗೆ ಅದನ್ನು ಕಣ್ಣಾರೆ ನೋಡಬೇಕಿತ್ತು. ಬೈಕಿನಲ್ಲಿ ಕಾಪುವಿಗೆ ಹೋದೆ. ಹಳೇ ಮನೆ, ಕೆಂಪು ಕಲ್ಲಿನ ದಪ್ಪ ಗೋಡೆ. ಮಾಷ್ಟ್ರು ಹೊಸ ಫೋನನ್ನು ಒಳಕೋಣೆಯಲ್ಲಿ ಚಾರ್ಜಿಗೆ ಇಟ್ಟು ತೋಟಕ್ಕೆ ಇಳಿಯುತ್ತಾರೆ. ಅಂಥ ಎರಡು ಗೋಡೆ ಅಡ್ಡ ಬಂದರೆ ವಾಚಿನ ಬ್ಲೂಟೂತ್ ಹತ್ತು ಮೀಟರ್ ಕೂಡ ಎಳೆಯುವುದಿಲ್ಲ. ಅಲ್ಲಿ ಕನೆಕ್ಷನ್ ಕಡಿಯುತ್ತದೆ. ವಾಪಸ್ ಬರುವಾಗ ಮೊದಲು ಸಿಗುವುದು ಚಾವಡಿ, ಚಾವಡಿಯಲ್ಲಿ ಮೊಮ್ಮಗ, ಮೊಮ್ಮಗನ ಕೈಯಲ್ಲಿ ಹಳೇ ಫೋನ್.

ನಾನು ನನ್ನ ಫೋನಿನಲ್ಲಿ nRF Connect ತೆರೆದೆ. ಸುತ್ತಮುತ್ತ "ನಾನಿಲ್ಲಿದ್ದೇನೆ" ಎಂದು ಕೂಗುತ್ತಿರುವ ಬ್ಲೂಟೂತ್ ಸಾಧನಗಳನ್ನೆಲ್ಲ ಪಟ್ಟಿ ಮಾಡುವ ಉಚಿತ ಆ್ಯಪ್ ಅದು. ಇಂಥ ವಾಚುಗಳು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಆ್ಯಪ್ ಜೊತೆ ಮಾತಾಡುತ್ತವೆ. ಒಬ್ಬರು ಸಿಕ್ಕಿದ ಕೂಡಲೇ ಕೂಗುವುದನ್ನು ನಿಲ್ಲಿಸುತ್ತವೆ. ವಾಚ್ ನನ್ನೆದುರು ಮೇಜಿನ ಮೇಲೇ ಇತ್ತು, ಪಟ್ಟಿಯಲ್ಲಿ ಹೆಸರಿಲ್ಲ. ಮೊಮ್ಮಗನಿಂದ ಫೋನ್ ಕೇಳಿ ಪಡೆದು ಬ್ಲೂಟೂತ್ ಆಫ್ ಮಾಡಿದೆ. ಕೆಲವೇ ಸೆಕೆಂಡಿನಲ್ಲಿ ಪಟ್ಟಿಯ ತುದಿಯಲ್ಲಿ ವಾಚಿನ ಹೆಸರು ಮೂಡಿತು. ಮತ್ತೆ ಆನ್ ಮಾಡಿದೆ, ಹೆಸರು ಹೋಯಿತು. ಮಾಷ್ಟ್ರು ಕನ್ನಡಕ ಏರಿಸಿಕೊಂಡು "ಇನ್ನೊಮ್ಮೆ ಮಾಡು" ಎಂದರು. ಇನ್ನೊಮ್ಮೆ ಮಾಡಿದೆ.

ಹಾಗಾದರೆ ನಾನು ಮಾಡಿದ ಫ್ಯಾಕ್ಟರಿ ರೀಸೆಟ್ ಯಾಕೆ ಇದನ್ನು ತಡೆಯಲಿಲ್ಲ? ರೀಸೆಟ್ ಆದದ್ದು ವಾಚ್ ಮಾತ್ರ. ಹಳೇ ಫೋನಿನ ಆ್ಯಪ್ ವಾಚಿನ ಬ್ಲೂಟೂತ್ ವಿಳಾಸವನ್ನು ನೆನಪಿಟ್ಟುಕೊಂಡು ಹಿಂದಿನಿಂದ ಅದನ್ನೇ ಕರೆಯುತ್ತಿತ್ತು, ರೀಸೆಟ್ ಆದರೂ ಆ ವಿಳಾಸ ಬದಲಾಗಿರಲಿಲ್ಲ. ಹೊಸಬರು ಕರೆದರೆ ಒಪ್ಪಿಗೆ ಕೇಳುವ, ಹಳೇ ಫೋನನ್ನು ಒಳಗೇ ಬಿಡದ ವಾಚುಗಳೂ ಇವೆ. ಇದು ಹಾಗಿರಲಿಲ್ಲ, ಯಾರು ಮೊದಲು ಕರೆದರೂ ಓಗೊಡುತ್ತಿತ್ತು. ಫೋನಿನ ಗುರುತು ಹಿಡಿಯಲು ರಹಸ್ಯ ಕೀಲಿ ವಿನಿಮಯ ಮಾಡಿಕೊಳ್ಳುವ ವಾಚಾದರೆ ತೊಂದರೆ ತಿರುಗುಮುರುಗು: ವಾಚ್ ರೀಸೆಟ್ ಆಗಿ ತನ್ನ ಕೀಲಿ ಮರೆತಿರುತ್ತದೆ, ಫೋನ್ ಹಳೇ ಕೀಲಿಯನ್ನೇ ತೋರಿಸುತ್ತದೆ, ಕನೆಕ್ಟ್ ಆದ ಹಾಗೆ ಮಾಡಿ ಕೂಡಲೇ ಬಿಡುತ್ತದೆ. ಐಫೋನ್‌ನಲ್ಲಿ ಇದನ್ನು ಹೆಚ್ಚು ನೋಡಿದ್ದೇನೆ. ಅದಕ್ಕೆ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ Forget This Device ಒತ್ತದೆ ಬೇರೆ ದಾರಿಯಿಲ್ಲ. ಎರಡರಲ್ಲೂ ಒಂದು ಬದಿಯ ರೀಸೆಟ್ ಅರ್ಧ ಕೆಲಸ.

ಹಳೇ ಫೋನಿನ ಆ್ಯಪ್ ತೆರೆದಾಗ ನನಗೆ ಜೀವ ಬಂದ ಹಾಗಾಯಿತು. ಮಾಷ್ಟ್ರ ಇಡೀ ವಾರದ ನಡಿಗೆ ಅಲ್ಲಿತ್ತು! ಮನೆಗೆ ಬಂದಾಗಲೆಲ್ಲ ವಾಚ್ ಹಳೇ ಫೋನಿಗೇ ಲೆಕ್ಕ ಒಪ್ಪಿಸಿತ್ತು. ಕಳೆದುಹೋದದ್ದು ನಾನು ರೀಸೆಟ್ ಮಾಡಿದ ದಿನದ ಬೆಳಗಿನ ನಡಿಗೆ ಮಾತ್ರ. ಒಂದೊಂದು ದಿನದ ಸ್ಕ್ರೀನ್‌ಶಾಟ್ ತೆಗೆದು ಮಾಷ್ಟ್ರ ಹೊಸ ಫೋನಿಗೆ ಕಳಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದೆ.

ಆ್ಯಪ್‌ನಲ್ಲಿ ವಾಚಿನ ನಂಟು ಬಿಡಿಸುವ Unbind ಒತ್ತಿದೆ. ಆಮೇಲೆ ಹಳೇ ಫೋನಿನ ಬ್ಲೂಟೂತ್ ಪಟ್ಟಿಗೆ ಹೋದೆ. ಕರೆ ಮಾಡುವ ವಾಚ್ ಅಲ್ಲಿ ಎರಡು ಹೆಸರಿನಲ್ಲಿ ಕೂತಿರಬಹುದು, ಒಂದು ಆ್ಯಪಿನ ಮಾತುಕತೆಗೆ, ಇನ್ನೊಂದು ಕರೆಯ ಧ್ವನಿಗೆ. ಇಲ್ಲೂ ಎರಡಿತ್ತು. ಒಂದನ್ನು ಬಿಟ್ಟರೆ ಮೊಮ್ಮಗನ ಕಾರ್ಟೂನಿನ ಶಬ್ದ ಮಾಷ್ಟ್ರ ಕೈಯಿಂದ ಹೊರಡುತ್ತದೆ. ಎರಡನ್ನೂ ತೆಗೆದು, ಆ್ಯಪನ್ನೇ ಅನ್‌ಇನ್‌ಸ್ಟಾಲ್ ಮಾಡಿದೆ. ಹೊಸ ಫೋನಿನಲ್ಲೂ ಹಾಗೆಯೇ ಹಳೆಯದನ್ನೆಲ್ಲ ಅಳಿಸಿ, ವಾಚನ್ನು ಒಮ್ಮೆ ರೀಸೆಟ್ ಮಾಡಿ, ಫೋನಿನ ಬ್ಲೂಟೂತ್ ಪಟ್ಟಿಯಿಂದಲ್ಲ, ಆ್ಯಪಿನ ಒಳಗಿನಿಂದಲೇ ಸೇರಿಸಿದೆ. ಬ್ಲೂಟೂತ್ ಪಟ್ಟಿಯಿಂದ ಜೋಡಿಸಿದರೆ ಎಷ್ಟೋ ವಾಚುಗಳಲ್ಲಿ ಕರೆಯ ಭಾಗ ಮಾತ್ರ ಕನೆಕ್ಟ್ ಆಗಿ ಆ್ಯಪ್ ಖಾಲಿ ಉಳಿಯುತ್ತದೆ.

ಮಾಷ್ಟ್ರನ್ನು ತೋಟಕ್ಕೆ ಕಳಿಸಿದೆ, ಫೋನ್ ಒಳಕೋಣೆಯಲ್ಲೇ. ತೆಂಗಿನ ಮರದ ಹತ್ತಿರ ಹೋಗಿ "ಬೂದಿ ಆಯ್ತು" ಎಂದು ಕೂಗಿದರು. ವಾಪಸ್ ಚಾವಡಿಗೆ ಬಂದರು, ಇನ್ನೂ ಬೂದಿ. ಒಳಕೋಣೆಯ ಬಾಗಿಲಿಗೆ ಬಂದಾಗ ಹಸಿರಾಯಿತು, ಹೊಸ ಫೋನಿನ ಆ್ಯಪ್‌ನಲ್ಲೂ ವಾಚ್ ಬಂತು. ಮೂರು ಸಲ ಹೀಗೆ ನಡೆಸಿದೆ. ಅವರ ಮನೆಯವರು ಕೊಟ್ಟ ಬಂಗುಡೆ ಪುಳಿಮುಂಚಿ ಊಟ ಮಾಡಿಕೊಂಡು ಹೊರಟೆ.

ಅಂಗಡಿಯ ಜಾಬ್ ಕಾರ್ಡಿನಲ್ಲಿ ಹೆಸರು, ನಂಬರ್, ಮಾಡೆಲ್ ಕೆಳಗೆ ಈಗ ಎರಡು ಸಾಲು ಪೆನ್ನಿನಲ್ಲಿ ಬರೆಯುತ್ತೇನೆ: ಮೊದಲು ಯಾವುದಕ್ಕೆ ಕನೆಕ್ಟ್ ಆಗಿತ್ತು, ಅದು ಈಗ ಎಲ್ಲಿದೆ. ಆ ವಾರವೇ ಮಣಿಪಾಲದ ಹುಡುಗಿಯೊಬ್ಬಳು ಇಯರ್‌ಬಡ್ಸ್ ತಂದಳು. ಹಾಸ್ಟೆಲ್‌ನಲ್ಲಿ ಪೇರ್ ಆಗುವುದಿಲ್ಲ, ಬಸ್ಸಿನಲ್ಲಿ ಆಗುತ್ತದೆ ಎಂದಳು. ನಾನು ಡಬ್ಬಿಯನ್ನೂ ತೆರೆಯದೆ ಆ ಎರಡೂ ಸಾಲಿನ ಪ್ರಶ್ನೆ ಕೇಳಿದೆ. ಸ್ವಲ್ಪ ಯೋಚಿಸಿ, "ರೂಮಿನ ಲ್ಯಾಪ್‌ಟಾಪ್" ಎಂದಳು.