ಮೂರು ಫೇಸ್ ಸರಿಯಾಗಿದ್ದರೂ ನ್ಯೂಟ್ರಲ್ ಬಿಸಿ

ಒಂದು ಆಫೀಸ್ ಮಹಡಿಯಲ್ಲಿ ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ದರು. ಮೀಟರ್‌ನಲ್ಲಿ ಕಿಲೋವ್ಯಾಟ್ ಇಳಿಯಿತು, ಮ್ಯಾನೇಜರ್ ಖುಷಿಯಾಗಿ ಪ್ರೆಸೆಂಟೇಷನ್ ಕೊಟ್ಟರು. ಆಮೇಲೆ ಆ ಮಹಡಿಗೆ ಕರೆಂಟ್ ಹಂಚುವ ಪ್ಯಾನೆಲ್, ಅಂದರೆ ಡಿಬಿಯಲ್ಲಿ ಸುಟ್ಟ ವಾಸನೆ ಶುರುವಾಯಿತು.

ಬಾಗಿಲು ತೆಗೆದರೆ ನ್ಯೂಟ್ರಲ್ ಲಗ್ ಹತ್ತಿರ ಇನ್ಸುಲೇಷನ್ ಕಂದು ಬಣ್ಣಕ್ಕೆ ತಿರುಗಿತ್ತು. ಲೂಸ್ ಕಾಂಟ್ಯಾಕ್ಟ್ ಅಂತ ಶಟ್‌ಡೌನ್ ತಗೊಂಡು ಬಿಗಿ ಮಾಡಿದರು. ಕೆಲವು ವಾರಗಳಲ್ಲಿ ವಾಸನೆ ಮತ್ತೆ ಬಂತು. ಈ ಸಲ ಥರ್ಮಲ್ ಕ್ಯಾಮೆರಾ ತಂದೆ. ಫೇಸ್ ಲಗ್‌ಗಳು 48 ಡಿಗ್ರಿ, ನ್ಯೂಟ್ರಲ್ ಲಗ್ 94. ಆದರೆ ಕಣ್ಣಿಗೆ ಬಿದ್ದಿದ್ದು ಲಗ್ ಅಲ್ಲ, ಅದರ ಹಿಂದಿನ ವೈರು. ಲೂಸ್ ಇದ್ದರೆ ಜೋಡಣೆ ಇರುವ ಜಾಗ ಮಾತ್ರ ಕುದಿಯುತ್ತೆ, ಅಲ್ಲಿಂದ ದೂರ ಹೋದಂತೆ ವೈರು ತಣ್ಣಗಾಗುತ್ತಾ ಹೋಗುತ್ತೆ. ಇಲ್ಲಿ ನ್ಯೂಟ್ರಲ್ ಕೋರ್ ಗ್ಲ್ಯಾಂಡ್‌ವರೆಗೂ ಒಂದೇ ಸಮ ಬಿಸಿಯಾಗಿತ್ತು. ಇದು ಸ್ಪ್ಯಾನರ್‌ನಿಂದ ಹೋಗುವ ಕಾಯಿಲೆ ಅಲ್ಲ. ವೈರಿನಲ್ಲೇ ಜಾಸ್ತಿ ಕರೆಂಟ್ ಹರಿಯುತ್ತಿದೆ.

ಸೂಪರ್‌ವೈಸರ್ ಹಳೇ ಕ್ಲ್ಯಾಂಪ್ ಮೀಟರ್ ಹಾಕಿದರು. ಮೂರೂ ಫೇಸ್‌ನಲ್ಲಿ ಸುಮಾರು 44 ಆಂಪಿಯರ್, ನ್ಯೂಟ್ರಲ್‌ನಲ್ಲಿ 73. "ಮೀಟರ್ ಕೆಟ್ಟಿದೆ, ಬ್ಯಾಲೆನ್ಸ್ ಆಗಿರೋ ಲೋಡ್‌ನಲ್ಲಿ ಫೇಸ್‌ಗಿಂತ ನ್ಯೂಟ್ರಲ್ ಜಾಸ್ತಿ ಹೇಗೆ ಬರುತ್ತೆ?" ಅಂದರು. ಅಲೆ ಯಾವ ಆಕಾರದಲ್ಲಿದ್ದರೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಹಾಕಿದೆವು. ಫೇಸ್ 58, ನ್ಯೂಟ್ರಲ್ 76. ತಮಾಷೆ ಏನಂದರೆ, ಅವರು ನಂಬದೇ ಹೋದ ನ್ಯೂಟ್ರಲ್ ರೀಡಿಂಗ್ ಹೆಚ್ಚುಕಡಿಮೆ ಸರಿಯಾಗಿತ್ತು. ನಂಬಿದ ಫೇಸ್ ರೀಡಿಂಗೇ ಕಾಲುಭಾಗ ಸುಳ್ಳು ಹೇಳುತ್ತಿತ್ತು. ಹಳೇ ಕ್ಲ್ಯಾಂಪ್ ಸರಾಸರಿ ಅಳೆದು, ಅಲೆ ಸೈನ್ ಆಕಾರದಲ್ಲೇ ಇದೆ ಅಂತ ಅಂದುಕೊಂಡು ಗುಣಿಸುತ್ತೆ. ಫೇಸ್‌ನಲ್ಲಿ ಇದ್ದದ್ದು ಚೂಪಾದ ಪಲ್ಸ್. ನ್ಯೂಟ್ರಲ್‌ನಲ್ಲಿ ಇದ್ದದ್ದು ಹೆಚ್ಚುಕಡಿಮೆ ಶುದ್ಧವಾದ 150 ಹರ್ಟ್ಸ್ ಸೈನ್ ಅಲೆ.

ಆ 150 ಹರ್ಟ್ಸ್ ಎಲ್ಲಿಂದ ಬಂತು? ಅಗ್ಗದ ಡ್ರೈವರ್, ಅಡಾಪ್ಟರ್ ಒಳಗೆ ರೆಕ್ಟಿಫೈಯರ್, ಅದರ ಹಿಂದೆ ಕೆಪಾಸಿಟರ್. ವೋಲ್ಟೇಜ್ ಶಿಖರ ಮುಟ್ಟಿದಾಗ ಮಾತ್ರ ಅದು ಕರೆಂಟ್ ಎಳೆಯುತ್ತೆ. 50 ಹರ್ಟ್ಸ್ ಭಾಗಗಳು ಮೂರು ಫೇಸ್‌ನಲ್ಲಿ 120 ಡಿಗ್ರಿ ದೂರ ಇರುವುದರಿಂದ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಆದರೆ ಆ ಚೂಪಾದ ಪಲ್ಸ್‌ನಲ್ಲಿ 50ರ ಮೂರು ಪಟ್ಟು, ಅಂದರೆ 150 ಹರ್ಟ್ಸ್ ಭಾಗವೂ ಇರುತ್ತೆ, ಅದೇ ಮೂರನೇ ಹಾರ್ಮೋನಿಕ್. ಅದಕ್ಕೆ ಆ 120 ಡಿಗ್ರಿ ಮೂರು ಪಟ್ಟಾಗಿ 360 ಆಗುತ್ತೆ. ಅಂದರೆ ಮೂರೂ ಫೇಸ್‌ನ ಮೂರನೇ ಹಾರ್ಮೋನಿಕ್ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ, ನ್ಯೂಟ್ರಲ್‌ನಲ್ಲಿ ಪೂರ್ತಿ ಕೂಡುತ್ತವೆ. ಅನಲೈಸರ್‌ನಲ್ಲಿ ಪ್ರತಿ ಫೇಸ್‌ಗೂ 25 ಆಂಪಿಯರ್ ಮೂರನೇ ಹಾರ್ಮೋನಿಕ್ ಕಂಡಿತು. ಮೂರರಿಂದ ಗುಣಿಸಿದರೆ 75. ಒಂಬತ್ತನೆಯದು ಚೂರು ಸೇರಿ 76.

ಕೇಬಲ್ ಹಳೇದು, 35 ಸ್ಕ್ವೇರ್ ಎಂಎಂ ಮೂರೂವರೆ ಕೋರ್ ಅಲ್ಯೂಮಿನಿಯಂ ಪಿವಿಸಿ. ನ್ಯೂಟ್ರಲ್ 16 ಮಾತ್ರ. ಗಾಳಿಯಲ್ಲಿ ಅದರ ತಾಕತ್ತು ಸುಮಾರು 50 ಆಂಪಿಯರ್. 76 ಹರಿದರೆ ಶಾಖ ವರ್ಗದ ಲೆಕ್ಕದಲ್ಲಿ ಏರಿ ಎರಡು ಪಟ್ಟು ದಾಟುತ್ತೆ. 80 ಆಂಪಿಯರ್ ತ್ರೀ ಪೋಲ್ ಎಂಸಿಸಿಬಿ ಬ್ರೇಕರ್ ಯಾಕೆ ಟ್ರಿಪ್ ಆಗಲಿಲ್ಲ ಅಂತ ಕೇಳಬೇಡಿ. ಅದು ನೋಡುವುದು ಫೇಸ್‌ಗಳನ್ನು, ಅಲ್ಲಿ ಇರುವುದು 58.

ಇಷ್ಟರಲ್ಲಿ ಇನ್ಸುಲೇಷನ್ ಮೆತ್ತಗಾಗುತ್ತಿತ್ತು. ಮಹಡಿ ತುಂಬಾ ಜನ. "ಐದು ನಿಮಿಷದ ಕೆಲಸ ಸಾರ್, ಲೈವ್‌ನಲ್ಲೇ ಲಗ್ ಬದಲಾಯಿಸ್ತೀನಿ" ಅಂತ ಹುಡುಗ ಸ್ಪ್ಯಾನರ್ ಹಿಡಿದು ಬಂದ. ನಾನು ಪ್ಯಾನೆಲ್‌ಗೆ ಅಡ್ಡ ನಿಂತೆ. ಲೋಡ್ ಇರುವಾಗ ನ್ಯೂಟ್ರಲ್ ಬಿಚ್ಚಿದರೆ ಒಂದು ಫೇಸ್‌ನ ಲೋಡು ಇನ್ನೊಂದು ಫೇಸ್‌ನ ಲೋಡಿನ ಜೊತೆ ಸೀರೀಸ್ ಆಗಿಬಿಡುತ್ತೆ. ಕಡಿಮೆ ಲೋಡ್ ಇರುವ ಫೇಸ್‌ಗೆ 230 ಬದಲು ಮುನ್ನೂರರ ಮೇಲೆ ವೋಲ್ಟೇಜ್ ಹೋಗಬಹುದು. ಆಗ ಆ ಫೇಸ್‌ನಲ್ಲಿರುವ ಅಡಾಪ್ಟರ್, ಮಾನಿಟರ್, ಡ್ರೈವರ್ ಎಲ್ಲ ಒಟ್ಟಿಗೆ ಹೋಗುತ್ತವೆ.

ಫೋನ್‌ನಲ್ಲಿ ಮ್ಯಾನೇಜರ್ "ಲೋಡ್ ಬ್ಯಾಲೆನ್ಸ್ ಮಾಡಿ" ಅಂತಿದ್ದರು. ಬ್ಯಾಲೆನ್ಸ್ ಆಗಲೇ ಇತ್ತು, ಅದನ್ನು ಎಷ್ಟು ತಿದ್ದಿದರೂ ಮೂರನೇ ಹಾರ್ಮೋನಿಕ್ ಕಡಿಮೆ ಆಗಲ್ಲ. ಸರಿ, ಒಂದು ಫೇಸ್ ಪೂರ್ತಿ ಆಫ್ ಮಾಡೋಣ ಅಂತ ಸೂಪರ್‌ವೈಸರ್ ಅಂದರು. ಅಲ್ಲಿ ಕೂತವರಿಗೆ ಹೇಳಿ ಆರ್ ಫೇಸ್ ಇಳಿಸಿದೆವು. ನ್ಯೂಟ್ರಲ್ 76ರಿಂದ 73ಕ್ಕೆ ಬಂತು. ಎಲ್ಲರೂ ಮೀಟರನ್ನೇ ನೋಡುತ್ತಾ ನಿಂತರು. ಮೂರನೇ ಹಾರ್ಮೋನಿಕ್ 75ರಿಂದ 50ಕ್ಕೆ ಇಳಿದಿದ್ದು ನಿಜ. ಆದರೆ ಇಲ್ಲಿವರೆಗೆ ಒಂದನ್ನೊಂದು ಕಳೆದುಕೊಳ್ಳುತ್ತಿದ್ದ 50 ಹರ್ಟ್ಸ್ ಕರೆಂಟ್ ಈಗ ಜೊತೆಗಾರ ಇಲ್ಲದೆ ನ್ಯೂಟ್ರಲ್‌ಗೆ ಬಂದು ಕೂತಿತು, ಅದೂ ಸುಮಾರು 50. ಎರಡೂ ವರ್ಗದ ಲೆಕ್ಕದಲ್ಲಿ ಸೇರಿ 70ರ ಆಚೆ.

ಆರ್ ಫೇಸ್ ವಾಪಸ್ ಹಾಕಿ, ಮೂರೂ ಫೇಸ್‌ನಲ್ಲಿ ಡೌನ್‌ಲೈಟ್‌ಗಳನ್ನು ಆಫ್ ಮಾಡಿದೆವು. 52ಕ್ಕೆ ಇಳಿಯಿತು. ಹಗಲು ಹೊತ್ತು, ಕಿಟಕಿ ಬೆಳಕು ಸಾಕಿತ್ತು. ಹಾಗೇ ಸಂಜೆವರೆಗೆ ಎಳೆದು, ಪೂರ್ತಿ ಶಟ್‌ಡೌನ್ ತಗೊಂಡೆವು.

ಡೌನ್‌ಲೈಟ್ ಅಂತ ಸುಮ್ನೆ ಊಹಿಸಿದ್ದಲ್ಲ. ಕಂಪ್ಯೂಟರ್‌ನ ದೊಡ್ಡ ಪವರ್ ಸಪ್ಲೈಗಳಲ್ಲಿ ಸಾಮಾನ್ಯವಾಗಿ ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟ್ ಇರುತ್ತೆ, ಕರೆಂಟ್ ಸುಮಾರಾಗಿ ಸೈನ್ ಆಕಾರದಲ್ಲೇ ಇರುತ್ತೆ. ತರಲೆ ಇರುವುದು ಚಿಕ್ಕವುಗಳಲ್ಲಿ. ಹಾರ್ಮೋನಿಕ್‌ಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಮಾನದಂಡ IEC 61000-3-2ರಲ್ಲಿ 75 ವ್ಯಾಟ್ ಅಥವಾ ಅದಕ್ಕಿಂತ ಕಡಿಮೆ ಇರುವ ಅಡಾಪ್ಟರ್‌ಗೆ ಹಾರ್ಮೋನಿಕ್ ಮಿತಿಯೇ ಇಲ್ಲ. ದೀಪಕ್ಕೆ ಮಿತಿ ಇದೆ, ಆದರೆ 25 ವ್ಯಾಟ್ ಒಳಗಿನ ಡ್ರೈವರ್‌ಗೆ ಮೂರನೇ ಹಾರ್ಮೋನಿಕ್ ಮೂಲ ಕರೆಂಟಿನ 86 ಶೇಕಡಾವರೆಗೆ ಹೋಗಬಹುದು ಅನ್ನೋ ದಾರಿ ಇದೆ. ಒಂದೊಂದೂ ಕಾನೂನುಬದ್ಧ, ನೂರಾರು ಸೇರಿದರೆ ನ್ಯೂಟ್ರಲ್ ಗೋಳು.

ಹೊಸ ಕೇಬಲ್ ಲೆಕ್ಕಕ್ಕೆ IEC 60364-5-52 ಅನುಬಂಧದ ಟೇಬಲ್ ಹಿಡಿದೆವು. ಮೂರನೇ ಹಾರ್ಮೋನಿಕ್ 33 ಶೇಕಡಾ ದಾಟಿದರೆ ಕೇಬಲ್ ಸೈಜ್ ಫೇಸ್ ಕರೆಂಟಿನ ಮೇಲಲ್ಲ, ನ್ಯೂಟ್ರಲ್ ಕರೆಂಟಿನ ಮೇಲೆ ನಿಲ್ಲುತ್ತೆ. 33ರಿಂದ 45ರವರೆಗೆ ಆ ಕರೆಂಟನ್ನು 0.86ರಿಂದ ಭಾಗಿಸಬೇಕು, ಯಾಕಂದರೆ ನಾಲ್ಕೂ ಕೋರ್ ಬಿಸಿಯಾಗುತ್ತವೆ. 45 ದಾಟಿದರೆ ಭಾಗಿಸುವುದು ಬೇಡ. ನ್ಯೂಟ್ರಲ್‌ಗೆ ತಕ್ಕ ಸೈಜ್ ಹಾಕಿದ ಮೇಲೆ ಫೇಸ್ ಕೋರ್‌ಗಳು ಆರಾಮಾಗಿರುತ್ತವೆ.

ನಮ್ಮದು ಗಡಿಯಲ್ಲೇ ಇತ್ತು. ಅನಲೈಸರ್ `%f` ತೋರಿಸಿದರೆ 50 ಶೇಕಡಾ, ಅಂದರೆ ಮೂಲ ಕರೆಂಟಿಗೆ ಹೋಲಿಸಿ. `%r`ಗೆ ಬದಲಾಯಿಸಿದರೆ 43, ಅಂದರೆ ಒಟ್ಟು ಆರ್‌ಎಂಎಸ್‌ಗೆ ಹೋಲಿಸಿ. ಮೊದಲನೆಯದನ್ನು ಹಿಡಿದರೆ 76 ಆಂಪಿಯರ್, 35 ಸ್ಕ್ವೇರ್ ಎಂಎಂ ಪೂರ್ತಿ ನಾಲ್ಕು ಕೋರ್ ಸಾಕು, ಅದರ ತಾಕತ್ತು 86ರ ಹತ್ತಿರ. ಎರಡನೆಯದನ್ನು ಹಿಡಿದರೆ 88, ಸಾಲದು. ಟೇಬಲ್ ಜೊತೆಗಿನ ಲೆಕ್ಕ ಒಟ್ಟು ಕರೆಂಟಿನ ಮೇಲೇ ನಡೆಯುತ್ತೆ, ಹಾಗಾಗಿ 50 ಸ್ಕ್ವೇರ್ ಎಂಎಂ ನಾಲ್ಕು ಕೋರ್ ಎಳೆಸಿದೆವು. ಜೊತೆಗೆ ನ್ಯೂಟ್ರಲ್‌ನ್ನೂ ನೋಡುವ ಫೋರ್ ಪೋಲ್ ಎಂಸಿಸಿಬಿ. ಫೋರ್ ಪೋಲ್ ಅಂದ ಮಾತ್ರಕ್ಕೆ ಸಾಲದು, ನಾಲ್ಕನೇ ಪೋಲ್‌ಗೆ ಓವರ್‌ಲೋಡ್ ರಕ್ಷಣೆ ಇದೆಯಾ ಅಂತ ನೋಡಿ ತಗೋಬೇಕು.

ಯಾರೋ ಉತ್ಸಾಹದಲ್ಲಿ ಡೆಸ್ಕ್ ಸಾಕೆಟ್‌ಗಳ ಸಿಂಗಲ್ ಫೇಸ್ ಸರ್ಕ್ಯೂಟ್‌ಗೂ ದಪ್ಪ ನ್ಯೂಟ್ರಲ್ ಹಾಕೋಣ ಅಂದರು. ಅದು ದುಡ್ಡು ದಂಡ. ಅಲ್ಲಿ ಫೇಸ್‌ನಲ್ಲಿ ಹೋದಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತೆ. ತೊಂದರೆ ಶುರುವಾಗೋದು ಮೂರು ಫೇಸ್‌ಗೂ ಒಂದೇ ನ್ಯೂಟ್ರಲ್ ಆಗುವ ಕಡೆ ಮಾತ್ರ.

ಮುಂದಿನ ಮಹಡಿಗೆ ದೀಪ ಖರೀದಿ ಪಟ್ಟಿ ಬಂದಿದೆ. ವ್ಯಾಟ್, ಲ್ಯೂಮೆನ್, ವಾರಂಟಿ, ಬೆಲೆ. ಡ್ರೈವರ್‌ನ ಮೂರನೇ ಹಾರ್ಮೋನಿಕ್‌ಗೆ ಒಂದು ಕಾಲಂ ಸೇರಿಸಿ ಅಂತ ಬರೆದು ಕಳಿಸಿದೆ. ಪರ್ಚೇಸ್‌ನವರು "ಇದು ಹಿಂದಿನ ಪಟ್ಟಿಯಲ್ಲಿ ಇರಲಿಲ್ಲ" ಅಂತ ವಾಪಸ್ ಕಳಿಸಿದ್ದಾರೆ.